ಲೆವೆಲ್ ಯಾರ ಕೈಲಿದೆ? ಒಂದೇ ಮಾಡೆಲ್‌ನಲ್ಲಿ ನಾಲ್ಕು ಜನ ಕೆಲಸ ಮಾಡುವಾಗ

(ತುಮಕೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ, ಕಟ್ಟಡಗಳ ಡ್ರಾಯಿಂಗ್ ಕೆಲಸ ಮಾಡುವ ಗೆಳೆಯರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಪರದೆ ಮೇಲೆ ತೋರಿಸಿದ್ದನ್ನು ಮಾತಿನಲ್ಲೇ ಹೇಳಲು ನೋಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದವರಿಗೆ ನಿದ್ದೆ ಬರುವ ಹೊತ್ತು ಇದು, ನನಗೆ ಗೊತ್ತು. ಅದಕ್ಕೇ ಪಾಠದಿಂದ ಶುರು ಮಾಡುವುದಿಲ್ಲ, ನಾನು ಮಾಡಿದ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ನಮ್ಮದು ಚಿಕ್ಕ ಆಫೀಸು, ನಾಲ್ಕು ಜನ. ಕಟ್ಟಡದ ಮಾಡೆಲ್ ಮಾಡುವ ರೆವಿಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ಹಾಸ್ಟೆಲ್ ಮಾಡುತ್ತಿದ್ದೆವು. ಕೆಳಗೆ ಗಾಡಿ ನಿಲ್ಲಿಸುವ ಸ್ಟಿಲ್ಟ್, ಮೇಲೆ ಮೂರು ಮಹಡಿ. ಪ್ಲಾನು ಮತ್ತು ಮುಂಭಾಗ ನನ್ನದು. ಒಳಗಿನ ಗೋಡೆ, ಬಾಗಿಲು, ಮಂಚ, ಕಪಾಟು ಒಬ್ಬ ಹುಡುಗಿಯದು. ಕಾಲಮ್ಮು, ಬೀಮು ಇನ್ನೊಬ್ಬರದು. ಕೊಳಾಯಿ ಮತ್ತು ಒಳಚರಂಡಿ ಪೈಪು ಒಬ್ಬ ಹುಡುಗನದು. ಬೇರೆ ಬೇರೆ ಫೈಲ್ ಮಾಡಿ ಲಿಂಕ್ ಮಾಡುವಷ್ಟು ದೊಡ್ಡ ಕೆಲಸ ಅಲ್ಲ ಅಂತ ಎಲ್ಲವನ್ನೂ ಒಂದೇ ಮಾಡೆಲ್‌ನಲ್ಲಿ ಇಟ್ಟಿದ್ದೆವು.

ಒಂದು ಶನಿವಾರ ಬೆಳಿಗ್ಗೆ ಹಾಸ್ಟೆಲ್‌ನವರು ಫೋನ್ ಮಾಡಿದರು. ರೇಷನ್ ತರುವ ಗಾಡಿ ಸ್ಟಿಲ್ಟ್ ಒಳಗೇ ಬರಬೇಕು, ಅಡುಗೆಮನೆ ಬಾಗಿಲಲ್ಲೇ ಮೂಟೆ ಇಳಿಸಬೇಕು ಅಂದರು. ನಾವು ಸ್ಟಿಲ್ಟ್‌ಗೆ ಲೆವೆಲ್‌ನಿಂದ ಲೆವೆಲ್‌ಗೆ, ಅಂದರೆ ಒಂದು ಮಹಡಿಯ ಎತ್ತರ ಗುರುತಿಸುವ ಗೆರೆಯಿಂದ ಮುಂದಿನದರ ಗೆರೆಗೆ, 2750 ಮಿ.ಮೀ. ಕೊಟ್ಟಿದ್ದೆವು. ಬೀಮಿನ ಆಳ 450. ಅಂದರೆ ಬೀಮಿನ ಕೆಳಗೆ ಉಳಿಯುವುದು 2300. ಕಾರು ನಿಲ್ಲಿಸಲು ಸಾಕು, ಮೂಟೆ ಹೇರಿದ ಗಾಡಿಗೆ ಸಾಲದು. 3200ಕ್ಕೆ ಏರಿಸೋಣ ಅಂತ ತೀರ್ಮಾನವಾಯಿತು. ಮೊದಲ ಮಹಡಿಯಿಂದ ತಾರಸಿವರೆಗೆ ಎಲ್ಲ ಲೆವೆಲ್‌ಗಳನ್ನೂ ಒಟ್ಟಿಗೆ ಹಿಡಿದು 450 ಮೇಲಕ್ಕೆ ಸರಿಸಿದರೆ ಆಯಿತು. ಮೆಟ್ಟಿಲು ಮಾತ್ರ ಮತ್ತೆ ಕೂತು ನೋಡಬೇಕು, 17 ಇದ್ದದ್ದು 20 ಆಗುತ್ತದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡೆ.

ಎಲಿವೇಶನ್ ತೆರೆದು ಲೆವೆಲ್‌ಗಳನ್ನು ಆಯ್ಕೆ ಮಾಡಿ ಸರಿಸಲು ಹೋದರೆ ರೆವಿಟ್ ಒಪ್ಪಲಿಲ್ಲ. ಈ ವಸ್ತು ಇಂಥವರ ಬಳಿ ಇದೆ, ಅವರು ಸೆಂಟ್ರಲ್‌ಗೆ ಸೇವ್ ಮಾಡಿ ಬಿಟ್ಟುಕೊಡುವ ತನಕ ತಿದ್ದಲಾಗದು ಅಂತ ಸಂದೇಶ. ಅದರಲ್ಲಿದ್ದ ಹೆಸರು ಪೈಪಿನ ಹುಡುಗನದು! ಪೈಪ್ ಎಳೆಯುವವನಿಗೂ ಲೆವೆಲ್‌ಗೂ ಏನು ಸಂಬಂಧ? ಅವನನ್ನೇ ಕೇಳೋಣ ಅಂದರೆ ಅವನು ಶುಕ್ರವಾರ ಸಂಜೆಯೇ ಊರ ಹಬ್ಬಕ್ಕೆ ಗುಬ್ಬಿ ಕಡೆ ಹೋಗಿದ್ದ. ಫೋನು ರಿಂಗಾಗುತ್ತಿತ್ತು, ಎತ್ತುವವರಿಲ್ಲ. ತೇರಿನ ಗದ್ದಲದಲ್ಲಿ ಯಾರು ಎತ್ತುತ್ತಾರೆ ಹೇಳಿ.

ಅವನ ಕೈಗೆ ಲೆವೆಲ್ ಹೇಗೆ ಹೋಯಿತು, ನಾನು ಆಮೇಲೆ ಏನು ತಪ್ಪು ಮಾಡಿದೆ, ಏನು ಮಾಡಬೇಕಿತ್ತು, ಇವತ್ತಿನ ಮಾತೆಲ್ಲ ಇಷ್ಟೇ.

ಮೊಳೆಗೆ ನೇತುಹಾಕಿದ ಕೀ

ಮೊದಲು, ಹಲವರು ಒಂದೇ ಮಾಡೆಲ್‌ನಲ್ಲಿ ಕೆಲಸ ಮಾಡುವ ಈ ವ್ಯವಸ್ಥೆ, ಅಂದರೆ ವರ್ಕ್‌ಶೇರಿಂಗ್, ಹೇಗಿದೆ ಅಂತ ಒಂದು ಮಾತು. ಗೊತ್ತಿರುವವರು ಸ್ವಲ್ಪ ಸಹಿಸಿಕೊಳ್ಳಿ. ಸೆಂಟ್ರಲ್ ಫೈಲ್ ಸರ್ವರ್‌ನಲ್ಲಿ ಇರುತ್ತದೆ. ಅದನ್ನು ಯಾರೂ ನೇರವಾಗಿ ತೆರೆದು ಕೆಲಸ ಮಾಡುವುದಿಲ್ಲ. ತೆರೆಯುವಾಗ `Create New Local` ಅನ್ನುವ ಚೌಕಕ್ಕೆ ಗುರುತು ಹಾಕಿದರೆ ನಮ್ಮ ಕಂಪ್ಯೂಟರ್‌ಗೆ ಒಂದು ಪ್ರತಿ ಬರುತ್ತದೆ, ಫೈಲ್ ಹೆಸರಿನ ಕೊನೆಗೆ ನಮ್ಮ ಹೆಸರೂ ಸೇರುತ್ತದೆ. ಇದು ಲೋಕಲ್. ಕೆಲಸವೆಲ್ಲ ಲೋಕಲ್‌ನಲ್ಲಿ. `Synchronize with Central` ಒತ್ತಿದಾಗ ನಾವು ಮಾಡಿದ್ದು ಸೆಂಟ್ರಲ್‌ಗೆ ಹೋಗುತ್ತದೆ, ಬೇರೆಯವರು ಮಾಡಿದ್ದು ನಮಗೆ ಬರುತ್ತದೆ.

ಇಲ್ಲಿ ತುಂಬಾ ಜನ ಒಂದು ತಪ್ಪು ತಿಳಿದಿರುತ್ತಾರೆ. ಇಬ್ಬರು ಒಂದೇ ಗೋಡೆಯನ್ನು ತಿದ್ದಿದರೆ ಸಿಂಕ್ ಮಾಡುವಾಗ ರೆವಿಟ್ ಎರಡನ್ನೂ ಹೇಗೋ ಹೊಂದಿಸುತ್ತದೆ ಅಂತ. ಇಲ್ಲ, ಹೊಂದಿಸುವುದಿಲ್ಲ. ಇಬ್ಬರು ಒಂದನ್ನೇ ತಿದ್ದಲು ಬಿಡುವುದೇ ಇಲ್ಲ. ನಮ್ಮ ಆಫೀಸಿನ ಬೈಕ್ ಕೀ ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಸೈಟಿಗೆ ಹೋಗುವವರು ತಗೊಂಡು ಹೋಗುತ್ತಾರೆ, ಬಂದು ಮತ್ತೆ ನೇತುಹಾಕುತ್ತಾರೆ. ಮೊಳೆ ಖಾಲಿ ಇದ್ದರೆ ಬೈಕ್ ಇಲ್ಲ ಅಂತ ಅರ್ಥ. ರೆವಿಟ್‌ನಲ್ಲಿ ಪ್ರತಿಯೊಂದು ಗೋಡೆ, ಬಾಗಿಲು, ಪೈಪಿಗೂ ಇಂಥ ಒಂದು ಕೀ ಇದೆ. ಆ ಮೊಳೆಗಳೆಲ್ಲ ಇರುವುದು ಸೆಂಟ್ರಲ್‌ನಲ್ಲಿ. ನೀವು ಒಂದು ಗೋಡೆಯನ್ನು ಸರಿಸಿದ ಕ್ಷಣ ಅದರ ಕೀ ತಾನಾಗಿ ನಿಮ್ಮ ಜೇಬಿಗೆ ಬರುತ್ತದೆ. ನೀವು ಕೇಳಬೇಕಿಲ್ಲ, ಗುಂಡಿ ಒತ್ತಬೇಕಿಲ್ಲ. ಸಿಂಕ್ ಮಾಡಿದಾಗ ವಾಪಸ್ ಹೋಗುತ್ತದೆ. ಇದನ್ನು ಬಾರೋ ಮಾಡುವುದು ಅನ್ನುತ್ತಾರೆ, ಎರವಲು.

ಹಾಗಾದರೆ ವರ್ಕ್‌ಸೆಟ್ ಯಾಕೆ? ಘರ್ಷಣೆ ತಪ್ಪಿಸಲು ಅಂತ ಹೇಳುವವರು ಇದ್ದಾರೆ. ನನ್ನ ಅನುಭವದಲ್ಲಿ ಅದು ಅರ್ಧ ಸತ್ಯ, ಆ ಅರ್ಧವೇ ತೊಂದರೆ ತರುವುದು. ಘರ್ಷಣೆ ತಪ್ಪಿಸುವುದು ಎರವಲು. ವರ್ಕ್‌ಸೆಟ್ ಅಂದರೆ ಮಾಡೆಲ್‌ನ ವಸ್ತುಗಳನ್ನು ಒಂದಷ್ಟು ಗುಂಪು ಮಾಡಿ ಇಡುವುದು. ಅದರ ದೊಡ್ಡ ಉಪಯೋಗ ಬೇಡದ್ದನ್ನು ಮುಚ್ಚಿಟ್ಟು ತೆರೆಯುವುದು. ನಮ್ಮ ಹಾಸ್ಟೆಲ್‌ನಲ್ಲಿ ಮಂಚ, ಮೇಜು, ಕಪಾಟು ಎಲ್ಲ ಒಂದು ವರ್ಕ್‌ಸೆಟ್. ಕಾಲಮ್ಮು ನೋಡುವವರು ಅದನ್ನು ಮುಚ್ಚಿಯೇ ಫೈಲ್ ತೆರೆಯುತ್ತಾರೆ, ಅವರ ಹಳೇ ಕಂಪ್ಯೂಟರ್ ಉಸಿರಾಡುತ್ತದೆ.

ಆದರೆ ವರ್ಕ್‌ಸೆಟ್‌ಗಳ ಪಟ್ಟಿ ತೆರೆದರೆ ಅಲ್ಲೊಂದು ಕಂಬಸಾಲು ಕಾಣುತ್ತದೆ, `Editable` ಅಂತ. ಅದರಲ್ಲಿ `Yes` ಅಥವಾ `No`. ಹೊಸಬರು ಅದನ್ನು ನೋಡಿ, `No` ಇದೆಯಲ್ಲ, ಇದನ್ನು `Yes` ಮಾಡದಿದ್ದರೆ ತಿದ್ದಲಾಗುವುದಿಲ್ಲವೇನೋ ಅಂದುಕೊಳ್ಳುತ್ತಾರೆ. ಸಹಜವೇ, ಆ ಪದ ಹಾಗಿದೆ. ನಿಜದಲ್ಲಿ `No` ಅಂದರೆ ಆ ವರ್ಕ್‌ಸೆಟ್‌ನ ಕೀ ಗೊಂಚಲು ಯಾರ ಕೈಲೂ ಇಲ್ಲ, ಬೇಕಾದವರು ಬೇಕಾದ ಕೀ ತಗೊಳ್ಳಬಹುದು ಅಂತ. `Yes` ಅಂದರೆ ಆ ವರ್ಕ್‌ಸೆಟ್‌ನ ಇಡೀ ಕೀ ಗೊಂಚಲನ್ನೇ ನಿಮ್ಮ ಜೇಬಿಗೆ ಹಾಕಿಕೊಂಡ ಹಾಗೆ. ನೀವು ಅದರಲ್ಲಿ ಒಂದನ್ನೂ ಮುಟ್ಟದಿದ್ದರೂ ಉಳಿದ ಮೂವರಿಗೆ ಯಾವುದೂ ಸಿಗುವುದಿಲ್ಲ.

ನಮ್ಮ ಪೈಪಿನ ಹುಡುಗ ಎರಡು ವಾರದ ಹಿಂದೆ ಈ ಹಾಸ್ಟೆಲ್ ಕೆಲಸಕ್ಕೆ ಸೇರಿಕೊಂಡ ದಿನ ಮಾಡಿದ್ದು ಇದನ್ನೇ. ಪೈಪುಗಳ ವರ್ಕ್‌ಸೆಟ್‌ಗೆ `Yes` ಹಾಕಿದ. ಪೈಪ್ ಎಳೆಯಲು ಲೆವೆಲ್ ಬೇಕಲ್ಲ ಅಂತ `Shared Levels and Grids` ಅನ್ನುವುದಕ್ಕೂ `Yes` ಹಾಕಿದ. ವರ್ಕ್‌ಶೇರಿಂಗ್ ಶುರು ಮಾಡಿದಾಗ ರೆವಿಟ್ ತಾನೇ ಮಾಡಿಕೊಡುವ ವರ್ಕ್‌ಸೆಟ್ ಅದು, ಲೆವೆಲ್ ಮತ್ತು ಗ್ರಿಡ್ ಎಲ್ಲ ಅದರಲ್ಲೇ ಬಂದು ಕೂರುತ್ತವೆ.

ದಿನಾ ಸಿಂಕ್ ಮಾಡುತ್ತಿದ್ದನಲ್ಲ?

ಮಾಡುತ್ತಿದ್ದ, ಅಚ್ಚುಕಟ್ಟಾಗಿ ಮಾಡುತ್ತಿದ್ದ. ನನಗೂ ಇಲ್ಲೇ ತಲೆ ಕೆಟ್ಟಿದ್ದು. ದಿನಕ್ಕೆ ನಾಲ್ಕು ಸಲ ಸಿಂಕ್ ಮಾಡುವವನ ಹತ್ತಿರ ಎರಡು ವಾರದಿಂದ ಲೆವೆಲ್ ಹೇಗೆ ಉಳಿಯಿತು?

ಸಿಂಕ್ ಗುಂಡಿಯ ಕೆಳಗೆ ಎರಡು ಆಯ್ಕೆ ಇದೆ. ಒಂದು `Synchronize Now`. ಇನ್ನೊಂದು `Synchronize and Modify Settings`. ಮೊದಲನೆಯದು ಏನೂ ಕೇಳುವುದಿಲ್ಲ, ನೇರ ಸಿಂಕ್. ಎಲ್ಲರೂ ಅದನ್ನೇ ಒತ್ತುತ್ತಾರೆ. ಅದು ನೀವು ಎರವಲು ಪಡೆದ ಬಿಡಿ ಕೀಗಳನ್ನು ವಾಪಸ್ ಮೊಳೆಗೆ ಹಾಕುತ್ತದೆ. ಆದರೆ ನೀವೇ `Yes` ಹಾಕಿ ತಗೊಂಡ ಗೊಂಚಲನ್ನು ಮುಟ್ಟುವುದಿಲ್ಲ. ಬೇಕು ಅಂತಲೇ ತಗೊಂಡಿದ್ದಾನೆ, ಅವನೇ ಇಡಲಿ ಅಂತ ಅದರ ಲೆಕ್ಕ. ಎರಡನೆಯದನ್ನು ಒತ್ತಿದರೆ ಒಂದು ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಏನೇನು ಬಿಟ್ಟುಕೊಡಬೇಕು ಅಂತ ಸಾಲಾಗಿ ಚೌಕಗಳು: `Project Standard Worksets`, `View Worksets`, `Family Worksets`, `User-Created Worksets`, `Borrowed Elements`. ಗೊಂಚಲು ಹೋಗುವುದು `User-Created Worksets` ಚೌಕಕ್ಕೆ ಗುರುತು ಹಾಕಿದರೆ.

ಹುಡುಗ ಎರಡು ವಾರವೂ ಒತ್ತಿದ್ದು `Synchronize Now`. ಅವನ ಪೈಪುಗಳು ಸರಿಯಾಗಿ ಸೆಂಟ್ರಲ್‌ಗೆ ಹೋಗುತ್ತಿದ್ದವು, ನಮಗೆ ಕಾಣುತ್ತಿದ್ದವು. ಲೆವೆಲ್ ಗೊಂಚಲು ಮಾತ್ರ ಅವನ ಜೇಬಲ್ಲೇ ಇತ್ತು. ಆ ಎರಡು ವಾರ ಬೇರೆ ಯಾರಿಗೂ ಲೆವೆಲ್ ತಿದ್ದುವ ಕೆಲಸ ಬರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಈ ತಪ್ಪು ಆದ ದಿನ ಸದ್ದು ಮಾಡುವುದಿಲ್ಲ, ಬೇಕಾದ ದಿನ ಮಾಡುತ್ತದೆ.

ನನ್ನ ಪಾಲೂ ಇದೆ ಇದರಲ್ಲಿ. ವರ್ಕ್‌ಸೆಟ್‌ಗಳ ಪಟ್ಟಿಯಲ್ಲಿ `Editable` ಪಕ್ಕದಲ್ಲೇ `Owner` ಮತ್ತು `Borrowers` ಅಂತ ಎರಡು ಕಂಬ ಇವೆ. `Owner` ಕಂಬದಲ್ಲಿ ಹೆಸರು ಇದ್ದರೆ ಗೊಂಚಲು ಅವರ ಬಳಿ. `Borrowers`ನಲ್ಲಿ ಹೆಸರು ಇದ್ದರೆ ಬಿಡಿ ಕೀಗಳು. ಹತ್ತು ಸೆಕೆಂಡಿನಲ್ಲಿ ಗೊತ್ತಾಗುವ ವಿಷಯ. ಎರಡು ವಾರದಲ್ಲಿ ಒಂದು ಸಲವೂ ನಾನು ಅದನ್ನು ತೆರೆದು ನೋಡಿರಲಿಲ್ಲ. ಈಗ ಪ್ರತಿ ದಿನ ಸಂಜೆ ನೋಡುತ್ತೇನೆ. `Owner` ಕಂಬ ಪೂರ್ತಿ ಖಾಲಿ ಇರಬೇಕು. ಹೆಸರು ಕಂಡರೆ ಆ ಮೇಜಿಗೆ ಹೋಗಿ "ಯಾಕಪ್ಪಾ ಇದು?" ಅಂತ ಕೇಳುತ್ತೇನೆ.

ಇನ್ನೊಂದು ಇಲ್ಲೇ ಹೇಳಿಬಿಡುತ್ತೇನೆ. ಹೊಸ ಪ್ರಾಜೆಕ್ಟ್‌ನಲ್ಲಿ ವರ್ಕ್‌ಶೇರಿಂಗ್ ಶುರು ಮಾಡಿ ಸೆಂಟ್ರಲ್ ಮಾಡುತ್ತೀರಲ್ಲ, ಆಗ ಎಲ್ಲ ವರ್ಕ್‌ಸೆಟ್‌ಗಳ ಗೊಂಚಲೂ ಮಾಡಿದವರ ಕೈಲೇ ಇರುತ್ತದೆ. ಮಾಡಿದವರು ಬಿಟ್ಟುಕೊಡದೆ ಊಟಕ್ಕೆ ಎದ್ದು ಹೋದರೆ ಉಳಿದವರು ಯಾರೂ ಏನೂ ಮಾಡಲಾಗದು. ಸೆಂಟ್ರಲ್ ಸೇವ್ ಆದ ಕೂಡಲೇ `Synchronize and Modify Settings` ತೆರೆದು, ಇರುವ ಎಲ್ಲ ಚೌಕಕ್ಕೂ ಗುರುತು ಹಾಕಿ ಸಿಂಕ್ ಮಾಡಿ, ಫೈಲ್ ಮುಚ್ಚಿ. ಮಾಡಿದವರೂ ಆಮೇಲೆ ಲೋಕಲ್ ಮಾಡಿಕೊಂಡೇ ಬರಬೇಕು.

ನಾನು ಮಾಡಿದ್ದು

ಮತ್ತೆ ಆ ಶನಿವಾರಕ್ಕೆ ಬರೋಣ. ಹುಡುಗ ಸಿಗುತ್ತಿಲ್ಲ. ಹಾಸ್ಟೆಲ್‌ನವರು ಸಂಜೆಗೆ ಸೆಕ್ಷನ್ ಕೇಳಿದ್ದಾರೆ. ನನಗೆ ಒಂದು ಅಡ್ಡದಾರಿ ಗೊತ್ತಿತ್ತು.

ರೆವಿಟ್‌ಗೆ ಮನುಷ್ಯರ ಗುರುತು ಮುಖದಿಂದ ಅಲ್ಲ, `Options` ಒಳಗೆ `General` ಪುಟದಲ್ಲಿರುವ `Username`ನಿಂದ. ರೆವಿಟ್ ಮಾಡುವ ಆಟೋಡೆಸ್ಕ್ ಕಂಪನಿಯ ಖಾತೆಯಲ್ಲಿ ಸೈನ್ ಇನ್ ಆಗಿದ್ದರೆ ಆ ಖಾತೆಯ ಹೆಸರೇ ಅಲ್ಲಿ ಬಂದು ಕೂರುತ್ತದೆ. ಆ ಹೆಸರನ್ನು ಹುಡುಗನ ಹೆಸರಿಗೆ ಬದಲಿಸಿ, ಹೊಸ ಲೋಕಲ್ ತೆರೆದು, `Relinquish All Mine` ಒತ್ತಿದರೆ ಅವನ ಹೆಸರಿನಲ್ಲಿ ಇರುವುದೆಲ್ಲ ಬಿಡುಗಡೆ. ನಾನು ಹಾಗೇ ಮಾಡಿದೆ. ಆಮೇಲೆ ನನ್ನ ಹೆಸರಿಗೆ ವಾಪಸ್ ಬಂದು ಲೆವೆಲ್‌ಗಳನ್ನು 450 ಏರಿಸಿದೆ, ಸಿಂಕ್ ಮಾಡಿದೆ, ಸಂಜೆ ಸೆಕ್ಷನ್ ಕಳಿಸಿದೆ. ಎಷ್ಟು ಬುದ್ಧಿವಂತ ನಾನು ಅಂತ ಬೆನ್ನು ತಟ್ಟಿಕೊಂಡು ಮನೆಗೆ ಹೋದೆ.

ಸೋಮವಾರ ಹುಡುಗ ಬಂದ. ತನ್ನ ಕಂಪ್ಯೂಟರ್ ತೆರೆದು ಶುಕ್ರವಾರದ ಲೋಕಲ್ ಫೈಲನ್ನು ತೆರೆದ, ಸಿಂಕ್ ಒತ್ತಿದ. ಆಗಲಿಲ್ಲ. ನೀನು ತಿದ್ದಿರುವ ವಸ್ತುಗಳ ಮೇಲೆ ಈಗ ನಿನಗೆ ಹಕ್ಕಿಲ್ಲ, ಇದನ್ನು ಸೆಂಟ್ರಲ್‌ಗೆ ಸೇರಿಸಲಾಗದು ಅನ್ನುವ ಅರ್ಥದ ಸಂದೇಶ ಬಂತು.

"ಸಾರ್, ಶುಕ್ರವಾರ ಮಧ್ಯಾಹ್ನದಿಂದ ಮಾಡಿದ್ದೆಲ್ಲ ಇದರಲ್ಲೇ ಇದೆ" ಅಂದ.

"ಸಿಂಕ್ ಮಾಡದೆ ಯಾಕಪ್ಪಾ ಹೋದೆ?"

"ಮಾಡೋಣ ಅಂತಿದ್ದೆ ಸಾರ್. ಐದೂವರೆಗೆ ಕರೆಂಟ್ ಹೋಯ್ತು. ನನ್ನ ಯುಪಿಎಸ್ ಬ್ಯಾಟರಿ ಕೆಟ್ಟು ಒಂದು ತಿಂಗಳಾಯ್ತು, ನಿಮಗೂ ಹೇಳಿದ್ದೆ. ಬಸ್ ಬೇರೆ ಇತ್ತು."

ಹೇಳಿದ್ದ, ನಿಜ. ಅವನು ಕೊನೆಯ ಸಿಂಕ್ ಮಾಡಿದ್ದು ಊಟ ಮುಗಿಸಿ ಬಂದು ಎರಡೂವರೆಗೆ. ಲೋಕಲ್ ಸೇವ್ ಮಾಡಿದ್ದು ಐದು ಹತ್ತಕ್ಕೆ. ಕರೆಂಟ್ ಹೋಗಿದ್ದರಿಂದ ಕಳೆದಿದ್ದು ಇಪ್ಪತ್ತು ನಿಮಿಷದ ಕೆಲಸ. ಅದಕ್ಕಿಂತ ಹಿಂದಿನ ಎರಡು ಗಂಟೆ ನಲವತ್ತು ನಿಮಿಷದ್ದು ಅವನ ಡಿಸ್ಕ್‌ನಲ್ಲಿ ಸುರಕ್ಷಿತವಾಗಿಯೇ ಇತ್ತು. ಅದನ್ನು ದಾರಿ ತಪ್ಪಿಸಿದ್ದು ಕರೆಂಟಲ್ಲ, ನಾನು. ಅವನ ಜೇಬಿನಲ್ಲಿದ್ದ ಕೀಗಳನ್ನು ಅವನಿಗೆ ಗೊತ್ತಿಲ್ಲದೆ ತೆಗೆದೆ. ಕೀ ಇಲ್ಲದವನು ತಂದ ಬದಲಾವಣೆಯನ್ನು ಸೆಂಟ್ರಲ್ ಒಪ್ಪುವುದಿಲ್ಲ.

ಆ ದಿನ ಅರ್ಧ ದಿನ ಇಬ್ಬರೂ ಕೂತೆವು. ಅವನ ಲೋಕಲ್‌ನ ಒಂದು ಪ್ರತಿ ತೆಗೆದು, ಅದನ್ನು `Detach from Central` ಮಾಡಿ ತೆರೆದೆವು. ಹೀಗೆ ಮಾಡಿದರೆ ಸೆಂಟ್ರಲ್ ಜೊತೆ ಅದರ ನಂಟು ಕಡಿದು ಹೋಗುತ್ತದೆ, ಒಂದು ಸ್ವತಂತ್ರ ಫೈಲ್ ಆಗುತ್ತದೆ. ಅದೇ ರೆವಿಟ್‌ನಲ್ಲಿ ಹೊಸ ಲೋಕಲನ್ನೂ ತೆರೆದು, ಶುಕ್ರವಾರ ಮಧ್ಯಾಹ್ನದ ಪೈಪುಗಳನ್ನು ಹುಡುಕಿ ಹುಡುಕಿ ಅಲ್ಲಿಂದ ಕಾಪಿ, ಇಲ್ಲಿ ಪೇಸ್ಟ್. ಹೊಸದಾಗಿ ಎಳೆದ ಪೈಪುಗಳು ಬೇಗ ಸಿಕ್ಕವು. ಹಳೆಯ ಪೈಪುಗಳ ಇಳಿಜಾರನ್ನು ಅವನು ಅಲ್ಲಲ್ಲಿ ತಿದ್ದಿದ್ದ, ಅವು ಕಣ್ಣಿಗೆ ಬೀಳುವುದೇ ಇಲ್ಲ. ಅಷ್ಟರಲ್ಲಿ ಲೆವೆಲ್‌ಗಳು ಬೇರೆ ಮೇಲೆ ಹೋಗಿದ್ದವು, ಒಂದೊಂದರ ಎತ್ತರವನ್ನೂ ನೋಡಿ ಸರಿಮಾಡಬೇಕಾಯಿತು.

ಮಾಡಬೇಕಿದ್ದದ್ದು

ಶನಿವಾರ ನಾನು ಎದ್ದು ನಾಲ್ಕು ಹೆಜ್ಜೆ ನಡೆದು ಅವನ ಮೇಜಿಗೆ ಹೋಗಿದ್ದರೆ ಸಾಕಿತ್ತು. ಅವನ ಕಂಪ್ಯೂಟರ್ ಅಲ್ಲೇ ಇತ್ತು, ಅವನ ಹೆಸರು ಅದರ ರೆವಿಟ್‌ನಲ್ಲೇ ಇತ್ತು. ಶುಕ್ರವಾರದ ಲೋಕಲ್ ಫೈಲನ್ನು ಹುಡುಕಿ, ಅದನ್ನೇ ನೇರವಾಗಿ ತೆರೆದು, `Synchronize and Modify Settings` ಒಳಗೆ ಎಲ್ಲ ಚೌಕಕ್ಕೂ ಗುರುತು ಹಾಕಿ ಸಿಂಕ್ ಮಾಡಿದ್ದರೆ ಅವನ ಪೈಪುಗಳು ಸೆಂಟ್ರಲ್‌ಗೆ ಬರುತ್ತಿದ್ದವು, ಲೆವೆಲ್ ಗೊಂಚಲೂ ಬಿಡುಗಡೆ ಆಗುತ್ತಿತ್ತು. ಐದು ನಿಮಿಷದ ಕೆಲಸ.

"ಅದನ್ನೇ ನೇರವಾಗಿ" ಅಂತ ಒತ್ತಿ ಹೇಳಿದೆ. ಯಾಕೆಂದರೆ ಅಭ್ಯಾಸದ ಮೇಲೆ ಕೈ ಸೆಂಟ್ರಲ್ ಕಡೆ ಹೋಗಿ `Create New Local` ಮಾಡಿಬಿಡುತ್ತದೆ. ಅದೇ ಹೆಸರಿನ ಲೋಕಲ್ ಆಗಲೇ ಇದ್ದರೆ ರೆವಿಟ್ ಕೇಳುತ್ತದೆ: ಹಳೆಯದರ ಮೇಲೆ ಬರೆಯಲೋ, ಹೆಸರಿಗೆ ಸಮಯ ಸೇರಿಸಿ ಹಳೆಯದನ್ನೂ ಉಳಿಸಲೋ. ದಿನಾ ಬೆಳಿಗ್ಗೆ ನಾವೆಲ್ಲ ಯೋಚನೆ ಮಾಡದೆ ಮೊದಲನೆಯದನ್ನೇ ಒತ್ತುತ್ತೇವೆ, ಹಿಂದಿನ ಸಂಜೆ ಸಿಂಕ್ ಆಗಿದ್ದರೆ ಅದು ಸರಿಯೇ. ಸಿಂಕ್ ಆಗಿಲ್ಲದಿದ್ದರೆ ಆ ಒಂದು ಕ್ಲಿಕ್‌ನಲ್ಲಿ ನಿನ್ನೆಯ ಕೆಲಸ ಹೋಯಿತು. ಒಂದಿಷ್ಟು ಅನುಮಾನ ಇದ್ದರೂ ಎರಡನೆಯದನ್ನು ಒತ್ತಿ. ಡಿಸ್ಕ್‌ನಲ್ಲಿ ನಾಲ್ಕು ಫೈಲ್ ಜಾಸ್ತಿ ಬಿದ್ದಿದ್ದರೆ ಯಾರ ಗಂಟೂ ಹೋಗುವುದಿಲ್ಲ.

ಹಾಗಾದರೆ ಹೆಸರು ಬದಲಿಸುವ ಅಡ್ಡದಾರಿ ಬಳಸಲೇಬಾರದೇ? ಬಳಸಬಹುದು. ಆ ಕಂಪ್ಯೂಟರ್‌ನ ಡಿಸ್ಕೇ ಸುಟ್ಟುಹೋಗಿದ್ದರೆ, ಕೆಲಸ ಬಿಟ್ಟು ಹೋದವರ ಹೆಸರಿನಲ್ಲಿ ಏನಾದರೂ ಸಿಕ್ಕಿಹಾಕಿಕೊಂಡಿದ್ದರೆ, ಅವರ ಲೋಕಲ್‌ನಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ ಅಂತ ಖಾತ್ರಿ ಇದ್ದರೆ ಅದೇ ದಾರಿ. ಖಾತ್ರಿ ಇಲ್ಲದೆ ಬಳಸಿದರೆ ನನ್ನ ಸೋಮವಾರ ನಿಮಗೂ ಬರುತ್ತದೆ.

ಕರೆಂಟ್ ಹೋಗದೆಯೂ ಇದೇ ಗತಿ ಬರುವ ಇನ್ನೊಂದು ದಾರಿ ಇದೆ. ಸಿಂಕ್ ಮಾಡದೆ ಫೈಲ್ ಮುಚ್ಚಲು ಹೋದರೆ ರೆವಿಟ್ ಕೇಳುತ್ತದೆ, ನಿನ್ನ ಬಳಿ ಇರುವುದನ್ನು ಬಿಟ್ಟುಕೊಡುತ್ತೀಯೋ, ಇಟ್ಟುಕೊಳ್ಳುತ್ತೀಯೋ ಅಂತ. ಬಸ್ಸಿನ ಅವಸರದಲ್ಲಿ "ಇಟ್ಟುಕೊಳ್ಳುತ್ತೇನೆ" ಒತ್ತಿ ಓಡಿದರೆ ನಿಮ್ಮ ಜೊತೆ ಆ ಗೋಡೆಗಳೂ ಗುಬ್ಬಿಗೆ ಹೋದ ಹಾಗೆ.

ಲೆವೆಲ್‌ನಂಥ ದೊಡ್ಡ ಬದಲಾವಣೆಗೆ ಈಗ ನಮ್ಮ ಪದ್ಧತಿ ಹೀಗಿದೆ. ಮಾಡುವ ಮುಂಚೆ ಎಲ್ಲರಿಗೂ ಹೇಳುತ್ತೇವೆ. ಒಬ್ಬೊಬ್ಬರಾಗಿ ಸಿಂಕ್ ಮಾಡಿ, ಎಲ್ಲ ಬಿಟ್ಟು, ಫೈಲ್ ಮುಚ್ಚುತ್ತಾರೆ. `Owner` ಮತ್ತು `Borrowers` ಎರಡೂ ಖಾಲಿ ಆಯಿತು ಅಂತ ನೋಡಿದ ಮೇಲೆ ಒಬ್ಬರು ಮಾತ್ರ ಹೊಸ ಲೋಕಲ್ ತೆರೆದು ಲೆವೆಲ್ ಸರಿಸಿ ಸಿಂಕ್ ಮಾಡುತ್ತಾರೆ. ಉಳಿದವರು ಆಗ ಟೀ ಕುಡಿಯುತ್ತಾರೆ. ಟೀ ಮುಗಿಸಿ ಬಂದು ಎಲ್ಲರೂ ಹೊಸ ಲೋಕಲ್ ಮಾಡಿಕೊಳ್ಳುತ್ತಾರೆ, ಹಳೆಯದನ್ನು ಮುಂದುವರಿಸುವುದಿಲ್ಲ. ಲೆವೆಲ್ ಮತ್ತು ಗ್ರಿಡ್‌ಗಳಿಗೆ ಪಿನ್ ಹಾಕಿಟ್ಟಿದ್ದೇವೆ, ಕೈತಪ್ಪಿ ಎಳೆದರೂ ಕದಲಬಾರದು ಅಂತ.

ದಿನನಿತ್ಯಕ್ಕೆ ಇಷ್ಟೆಲ್ಲ ಬೇಡ. ಬೇಕಾದ ವಸ್ತು ಬೇರೆಯವರ ಬಳಿ ಇದ್ದರೆ ಸಂದೇಶದಲ್ಲೇ `Place Request` ಗುಂಡಿ ಇರುತ್ತದೆ, ಒತ್ತಿದರೆ ಅವರ ಪರದೆಗೆ ಕೋರಿಕೆ ಹೋಗುತ್ತದೆ. ನಮ್ಮ ಆಫೀಸಿನಲ್ಲಿ ಅದಕ್ಕಿಂತ ವೇಗದ್ದು ಇದೆ. "ಮೇಡಂ, ಎರಡನೇ ಮಹಡಿ ಬಚ್ಚಲ ಗೋಡೆ ಸ್ವಲ್ಪ ಬಿಡಿ" ಅಂತ ಕೂಗುವುದು.

ಸಿಂಕ್‌ಗೂ ಕೂಗು ಇದೆ. ಒಬ್ಬರು ಸಿಂಕ್ ಮಾಡುವಾಗ ಇನ್ನೊಬ್ಬರು ಒತ್ತಿದರೆ ಕಾಯುತ್ತಾ ಕೂರಬೇಕು. ಮೊದಲು ನಾಲ್ಕೂ ಜನ ಸರಿಯಾಗಿ ಐದೂವರೆಗೆ ಒತ್ತುತ್ತಿದ್ದೆವು, ಯಾರಿಗೂ ಹೊತ್ತಿಗೆ ಬಸ್ ಸಿಗುತ್ತಿರಲಿಲ್ಲ. ಈಗ ಬಸ್ ಹಿಡಿಯುವವರು ಮೊದಲು, ಬೈಕ್ ಇರುವವರು ಆಮೇಲೆ. ಅವಸರದ ಹೊತ್ತಲ್ಲಿ `Compact Central Model` ಚೌಕಕ್ಕೆ ಗುರುತು ಹಾಕಬೇಡಿ, ತುಂಬಾ ಹೊತ್ತು ಹಿಡಿಯುತ್ತದೆ. ಅದನ್ನು ನಾವು ವಾರಕ್ಕೊಮ್ಮೆ ಎಲ್ಲರೂ ಹೋದ ಮೇಲೆ ಮಾಡುತ್ತೇವೆ.

ಕೇಳಿದ ಪ್ರಶ್ನೆಗಳಲ್ಲಿ ಕೆಲವು

ಒಬ್ಬರು ಎದ್ದು, ಮಹಡಿಗೊಂದು ವರ್ಕ್‌ಸೆಟ್ ಮಾಡಿ, ಮಹಡಿಗೊಬ್ಬರಂತೆ ಹಂಚಿದರೆ ಒಳ್ಳೆಯದಲ್ಲವೇ ಅಂತ ಕೇಳಿದರು. ನಾವೂ ಒಮ್ಮೆ ಹಾಗೆ ಮಾಡಿ ನೋಡಿದ್ದೆವು. ಮೆಟ್ಟಿಲು ಯಾವ ಮಹಡಿಯದು? ಕೆಳಗಿನಿಂದ ತಾರಸಿವರೆಗೆ ಹೋಗುವ ಪೈಪಿನ ಡಕ್ಟ್ ಯಾವುದರದು? ದಿನಾ ಇದೇ ಚರ್ಚೆ. ಅದಲ್ಲದೆ ಹೊಸದಾಗಿ ಬರೆದದ್ದೆಲ್ಲ ಆಗ ಆಕ್ಟಿವ್ ಆಗಿರುವ ವರ್ಕ್‌ಸೆಟ್‌ಗೇ ಹೋಗಿ ಬೀಳುತ್ತದೆ. ವರ್ಕ್‌ಸೆಟ್ ಹೆಚ್ಚಿದಷ್ಟೂ ಅದನ್ನು ಬದಲಿಸಲು ಮರೆಯುವುದೂ ಹೆಚ್ಚು. ಕಾಲಮ್‌ಗಳ ವರ್ಕ್‌ಸೆಟ್ ಮುಚ್ಚಿದರೆ ಮೂರನೇ ಮಹಡಿಯ ಮಂಚಗಳೂ ಮಾಯವಾಗುತ್ತಿದ್ದವು ನಮ್ಮಲ್ಲಿ. ಈಗ ಹೊರಗೋಡೆ, ಒಳಗೋಡೆ, ಸ್ಟ್ರಕ್ಚರ್, ಪೈಪು, ಪೀಠೋಪಕರಣ, ಲಿಂಕ್‌ಗಳು, ಮತ್ತೆ ಲೆವೆಲ್ ಗ್ರಿಡ್‌ನದು, ಒಟ್ಟು ಏಳು. ಅಷ್ಟೇ ಸಾಕು.

ಇನ್ನೊಬ್ಬರ ಪ್ರಶ್ನೆ: ಸರ್ವರ್ ಇಲ್ಲ, ಮನೆಯಿಂದಲೂ ಕೆಲಸ ಮಾಡುತ್ತೇವೆ, ಇಂಟರ್ನೆಟ್‌ನಲ್ಲಿ ತಾನಾಗಿ ಸಿಂಕ್ ಆಗುವ ಫೋಲ್ಡರ್‌ನಲ್ಲಿ ಸೆಂಟ್ರಲ್ ಇಟ್ಟರೆ? ಬೇಡ. ಅಂಥ ಫೋಲ್ಡರ್ ಪ್ರತಿ ಕಂಪ್ಯೂಟರ್‌ನಲ್ಲೂ ಸೆಂಟ್ರಲ್‌ನ ಒಂದೊಂದು ಪ್ರತಿ ಇಡುತ್ತದೆ. ಅಂದರೆ ಪ್ರತಿ ಮನೆಯಲ್ಲೂ ಒಂದೊಂದು ಮೊಳೆ, ಒಂದೊಂದು ಕೀ. ಇಬ್ಬರೂ ಒಂದೇ ಗೋಡೆಯನ್ನು ನಿರಾತಂಕವಾಗಿ ತಿದ್ದುತ್ತಾರೆ, ಕೊನೆಗೆ ಒಬ್ಬರ ಫೈಲ್ ಇನ್ನೊಬ್ಬರದರ ಮೇಲೆ ಬಂದು ಕೂರುತ್ತದೆ. ದೂರದಿಂದ ಕೆಲಸ ಮಾಡಲು ಆಟೋಡೆಸ್ಕ್‌ನದೇ ಬಿಐಎಂ ಕೊಲಾಬರೇಟ್ ಪ್ರೊ ಇದೆ, ರೆವಿಟ್ ಸರ್ವರ್ ಇದೆ. ಅದು ಬೇಡವಾದರೆ ಆಫೀಸಿನ ಕಂಪ್ಯೂಟರನ್ನೇ ಮನೆಯಿಂದ ರಿಮೋಟ್‌ನಲ್ಲಿ ತೆರೆದು ಕೂರಿ. ಸೆಂಟ್ರಲನ್ನು ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಎಳೆದು ಹಾಕುವುದೂ ಬೇಡ, ಎಲ್ಲ ಲೋಕಲ್‌ಗಳೂ ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡಿರುತ್ತವೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ, ನಮ್ಮ ಆಫೀಸಿನಲ್ಲಿ ರೆವಿಟ್ ಎಲ್‌ಟಿ ಇದೆ, ಆ ಗುಂಡಿಗಳೇ ಕಾಣುವುದಿಲ್ಲವಲ್ಲ ಅಂದಳು. ಎಲ್‌ಟಿಯಲ್ಲಿ ವರ್ಕ್‌ಶೇರಿಂಗ್ ಇಲ್ಲಮ್ಮ. ಬೆಲೆ ನೋಡಿ ಕೊಳ್ಳುವ ಮುಂಚೆ ಇದನ್ನು ಕೇಳಿಕೊಳ್ಳಬೇಕು. ಪೂರ್ತಿ ರೆವಿಟ್ ಇದ್ದರೂ ಎಲ್ಲರ ಬಳಿಯೂ ಒಂದೇ ವರ್ಷದ ಆವೃತ್ತಿ ಇರಬೇಕು. ಒಬ್ಬರು ಹೊಸ ಆವೃತ್ತಿಯಲ್ಲಿ ತೆರೆದು ಸೇವ್ ಮಾಡಿದರೆ ಹಳೆಯದರಲ್ಲಿ ಅದು ಮತ್ತೆ ತೆರೆಯುವುದಿಲ್ಲ. ಎಲ್ಲ ಕಂಪ್ಯೂಟರ್‌ನಲ್ಲೂ `Username` ಒಂದೇ ಇದ್ದರೂ ಕಷ್ಟ, ಯಾವ ಕೀ ಯಾರದು ಅಂತ ಗೊತ್ತಾಗುವುದಿಲ್ಲ.

ಕೊನೆಗೆ ಒಬ್ಬ ಹಿರಿಯರು, "ಎಲ್ಲರಿಗೂ ಯುಪಿಎಸ್ ಕೊಡಿಸಿದಿರಾ ಸಾರ್?" ಅಂತ ನಗುತ್ತಾ ಕೇಳಿದರು. ಕೊಡಿಸಿದೆ, ಹುಡುಗನಿಗೆ ಆ ವಾರವೇ ಹೊಸ ಬ್ಯಾಟರಿ ಬಂತು. ಸರ್ವರ್‌ಗೂ ಇತ್ತು. ಆಮೇಲೆ ಒಂದು ಸಂಜೆ ಕರೆಂಟ್ ಹೋದಾಗ ನಾಲ್ಕೂ ಕಂಪ್ಯೂಟರ್ ನಡೆಯುತ್ತಿವೆ, ಸರ್ವರ್ ನಡೆಯುತ್ತಿದೆ, ಆದರೂ ಸಿಂಕ್ ಮಧ್ಯದಲ್ಲೇ ನಿಂತಿತು. ನೋಡಿದರೆ ಇವುಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚು ಬಾಗಿಲ ಹಿಂದೆ ಮಾಮೂಲಿ ಪ್ಲಗ್‌ನಲ್ಲಿತ್ತು. ಈಗ ಅದರ ವೈರನ್ನೂ ಸರ್ವರ್‌ನ ಯುಪಿಎಸ್‌ಗೇ ಹಾಕಿದ್ದೇವೆ.